ಲೀಡ್ ಹಸ್ತಾಂತರದ ದಾಖಲೆ: ಗಡಿಯಾರ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು

ಮೊದಲ ಎರಡು ವಾರ

ಪೀಣ್ಯದಲ್ಲಿರುವ ನಮ್ಮ ಕಂಪನಿ ಕಾರ್ಖಾನೆಗಳಿಗೆ ಸ್ಕ್ರೂ ಏರ್ ಕಂಪ್ರೆಸರ್ ಮಾರುತ್ತದೆ. ಮಾರ್ಕೆಟಿಂಗ್‌ನವರಾದ ನಾವು ಕಳಿಸುವ ಲೀಡ್‌ಗಳಲ್ಲಿ, ಅಂದರೆ ಕೊಳ್ಳಬಹುದಾದವರ ವಿಚಾರಣೆಗಳಲ್ಲಿ, ಹುರುಳಿಲ್ಲ ಎಂಬುದು ಸೇಲ್ಸ್ ವಿಭಾಗದ ದೂರು. ಕಳಿಸಿದ ಲೀಡ್‌ಗಳಿಗೆ ಯಾರೂ ಫೋನ್ ಮಾಡುವುದಿಲ್ಲ ಎಂಬುದು ನಮ್ಮ ದೂರು. ಯಾವುದು ಲೀಡ್, ಅದಕ್ಕೆ ಎಷ್ಟು ಹೊತ್ತಿನೊಳಗೆ ಕರೆ ಹೋಗಬೇಕು ಎಂದು ಎರಡೂ ವಿಭಾಗದವರು ಸೇರಿ ಒಪ್ಪಂದ ಬರೆಯಲು ಹೊರಟೆವು. ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿದೆವು. ಹಿಂದಿನ ತಿಂಗಳ 40 ವಿಚಾರಣೆಗಳ ಪ್ರಿಂಟ್ ತೆಗೆದು, ಸೇಲ್ಸ್ ಮುಖ್ಯಸ್ಥರೂ ನಾನೂ ಒಬ್ಬರದನ್ನು ಒಬ್ಬರು ನೋಡದೆ, ಪ್ರತಿಯೊಂದರ ಮುಂದೆ ‘ಲೀಡ್ ಹೌದು’ ಅಥವಾ ‘ಅಲ್ಲ’ ಎಂದು ಗುರುತು ಹಾಕಿದೆವು. 17 ವಿಚಾರಣೆಗಳಲ್ಲಿ ನಮ್ಮ ಗುರುತುಗಳು ಹೊಂದಲಿಲ್ಲ. ಆಯಿಲ್ ಫಿಲ್ಟರ್ ಬೇಕೆಂದು ಬರೆದವರು, ಕ್ಯಾಟಲಾಗ್ ಇಳಿಸಿಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ನಾವು ತಯಾರಿಸದ ಸಣ್ಣ ಪಿಸ್ಟನ್ ಕಂಪ್ರೆಸರ್ ಕೇಳಿದವರು, ಇವರನ್ನೆಲ್ಲ ನಾನು ಲೀಡ್ ಎಂದೇ ಎಣಿಸುತ್ತ ಬಂದಿದ್ದೆ.

ಆ 17 ಹಾಳೆಗಳನ್ನೇ ಮೇಜಿನ ಮೇಲೆ ಹರಡಿಕೊಂಡು ವ್ಯಾಖ್ಯೆ ಬರೆದೆವು. ನಾವು ಸರ್ವಿಸ್ ಕೊಡಬಲ್ಲ ಊರಿನ ಕಾರ್ಖಾನೆಯಾಗಿರಬೇಕು. ಫೋನ್ ಸಂಖ್ಯೆಯನ್ನು ನಮ್ಮ ಕಡೆಯಿಂದ ಒಮ್ಮೆ ಪರಿಶೀಲಿಸಿರಬೇಕು. ಎಷ್ಟು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಎಷ್ಟು ಒತ್ತಡ ಬೇಕೆಂಬುದು, ಅದು ತಿಳಿಯದಿದ್ದರೆ ಗಾಳಿಯಿಂದ ಯಾವ ಯಂತ್ರ ನಡೆಯಬೇಕೆಂಬುದಾದರೂ ದಾಖಲಾಗಿರಬೇಕು. ಮೂರು ತಿಂಗಳೊಳಗೆ ಕೊಳ್ಳುವ ಯೋಚನೆಯಿರಬೇಕು ಇಲ್ಲವೇ ಕೊಟೇಶನ್ ಕೇಳಿರಬೇಕು. ಬಿಡಿಭಾಗದ ವಿಚಾರಣೆಗಳು ನೇರವಾಗಿ ಸರ್ವಿಸ್ ವಿಭಾಗಕ್ಕೆ ಹೋಗುತ್ತವೆ. ಗಿರಾಕಿಯ ಬಜೆಟ್ ಕೂಡ ತಿಳಿದಿರಬೇಕೆಂದು ಸೇಲ್ಸ್‌ನವರು ಪಟ್ಟು ಹಿಡಿದರು. ಅದನ್ನು ನಾನು ಒಪ್ಪಲಿಲ್ಲ. ಫಾರ್ಮ್‌ನಲ್ಲಿ ಬಜೆಟ್ ಕೇಳಿದರೆ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ, ಅದು ಮೊದಲ ಮಾತುಕತೆಯಲ್ಲಿ ಸೇಲ್ಸ್‌ನವರೇ ತಿಳಿದುಕೊಳ್ಳಬೇಕಾದ ಸಂಗತಿ.

ಮೂರನೆಯ ವಾರ

ವೇಗದ ಮಾತಿಗೆ ಬಂದೆವು. 2011ರ ಮಾರ್ಚ್‌ನಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪ್ರಕಟಿಸಿದ ಅಧ್ಯಯನವನ್ನು ಸಭೆಯ ಮುಂದಿಟ್ಟೆ. ಅಮೆರಿಕದ 2,241 ಕಂಪನಿಗಳನ್ನು ಪರೀಕ್ಷಿಸಿದಾಗ ಒಂದು ಗಂಟೆಯೊಳಗೆ ಉತ್ತರಿಸಿದ್ದು 37 ಶೇಕಡಾ, ಉತ್ತರವನ್ನೇ ಕೊಡದಿದ್ದದ್ದು 23 ಶೇಕಡಾ. ಆ ಅಂಕಿಗಳು ಬೇರೆ ದೇಶದವು, ಬೇರೆ ವ್ಯಾಪಾರಗಳವು. ಕಾರ್ಖಾನೆಯ ಯಂತ್ರ ಕೊಳ್ಳುವವರು ನಿಮಿಷಗಳಲ್ಲಿ ತೀರ್ಮಾನ ಮಾಡುವುದಿಲ್ಲ. ಆದರೂ ನಾಲ್ಕು ಕಡೆ ವಿಚಾರಿಸಿದವರು ಮೊದಲು ಫೋನ್ ಮಾಡಿದವರ ಜೊತೆ ಕೂತು ಸಾಮರ್ಥ್ಯದ ಲೆಕ್ಕ ಹಾಕುತ್ತಾರೆ, ಉಳಿದವರಿಂದ ಅದೇ ಲೆಕ್ಕಕ್ಕೆ ಬೆಲೆ ಕೇಳುತ್ತಾರೆ ಎಂಬುದನ್ನು ನಮ್ಮ ಸೇಲ್ಸ್‌ನವರೇ ಹೇಳಿದರು.

ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಕೊಟೇಶನ್ ಕೇಳಿದವರಿಗೆ ಕೆಲಸದ ಎರಡು ಗಂಟೆಯೊಳಗೆ ಮೊದಲ ಕರೆ ಹೋಗಬೇಕು, ಉಳಿದ ಲೀಡ್‌ಗಳಿಗೆ ಕೆಲಸದ ಒಂದು ದಿನದೊಳಗೆ. ಗಿರಾಕಿ ಫೋನ್ ಎತ್ತದಿದ್ದರೆ ಏಳು ಕೆಲಸದ ದಿನಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಐದು ಬಾರಿ ಪ್ರಯತ್ನಿಸಬೇಕು. ಸೇಲ್ಸ್‌ನವರು ಲೀಡನ್ನು ಸ್ವೀಕರಿಸಬಹುದು ಇಲ್ಲವೇ ಪಟ್ಟಿಯಲ್ಲಿರುವ ಕಾರಣಗಳಲ್ಲಿ ಒಂದನ್ನು ಆರಿಸಿ ಹಿಂದಿರುಗಿಸಬಹುದು, ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ನಮ್ಮ ಪಾಲಿನ ಮಾತೂ ಇದೆ: ವ್ಯಾಖ್ಯೆಗೆ ಹೊಂದದ್ದೆಂದು ಹಿಂದಿರುಗಿದ ಲೀಡ್‌ಗಳು ವಾರದಲ್ಲಿ ಹತ್ತರಲ್ಲಿ ಎರಡನ್ನು ಮೀರಿದರೆ, ತಪ್ಪು ಎಲ್ಲಾಯಿತೆಂದು ನಾವು ಲಿಖಿತವಾಗಿ ಹೇಳಬೇಕು.

ಐದನೆಯ ವಾರ

ಮೊದಲ ವರದಿ ನೋಡಿದಾಗ ನನಗೆ ಸಂತೋಷವಾಯಿತು, ಮರುದಿನವೇ ಅನುಮಾನ ಬಂತು. ಲೀಡ್‌ಗಳನ್ನು ಸ್ವೀಕರಿಸಲು ಹಿಡಿದ ಸಮಯವನ್ನು ಕ್ರಮವಾಗಿ ಜೋಡಿಸಿದರೆ ನಟ್ಟನಡುವೆ ಬರುವ ಸಂಖ್ಯೆ 14 ನಿಮಿಷ. ಆದರೆ ಕರೆಯ ಟಿಪ್ಪಣಿಯ ಜಾಗ ಖಾಲಿಯಿತ್ತು. ಫೋನ್ ವ್ಯವಸ್ಥೆಯ ಕರೆ ದಾಖಲೆಯ ಜೊತೆ ಹೋಲಿಸಿದಾಗ ತಿಳಿದದ್ದು, ಬಹುಪಾಲು ಲೀಡ್‌ಗಳಿಗೆ ಮೊದಲ ಕರೆ ಹೋದದ್ದು ಮರುದಿನ. ಗಿರಾಕಿಗಳ ದಾಖಲೆ ಇಡುವ ಸಿಆರ್‌ಎಂ ತಂತ್ರಾಂಶದಲ್ಲಿ ‘ಹೊಸದು’ ಎಂಬುದನ್ನು ‘ಸಂಪರ್ಕಿಸಲಾಗಿದೆ’ ಎಂದು ಬದಲಿಸಿದೊಡನೆ ನಮ್ಮ ಗಡಿಯಾರ ನಿಲ್ಲುತ್ತಿತ್ತು, ಆದ್ದರಿಂದ ಎಲ್ಲರೂ ಬೆಳಿಗ್ಗೆ ಬಂದು ಮೊದಲು ಅದನ್ನೇ ಬದಲಿಸುತ್ತಿದ್ದರು. ಇದಕ್ಕೆ ಅವರನ್ನು ದೂರಲಾರೆ. ನಾವು ಅಳೆದದ್ದು ಅದನ್ನೇ.

ಇನ್ನೊಂದು ದೋಷ ನಮ್ಮ ಕಡೆಯದಾಗಿತ್ತು. ಲೀಡನ್ನು ಒಬ್ಬರ ಹೆಸರಿಗೆ ಹಾಕಿದ ಕ್ಷಣದಿಂದ ಗಡಿಯಾರ ಶುರುವಾಗುತ್ತಿತ್ತು; ಫಾರ್ಮ್ ಬಂದ ಮೇಲೆ ನಾವು ಸಂಖ್ಯೆ ಪರಿಶೀಲಿಸಿ ಹಂಚುವವರೆಗೆ ಕಳೆಯುತ್ತಿದ್ದ ಸಮಯ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಈಗ ಗಿರಾಕಿ ಫಾರ್ಮ್ ಕಳಿಸಿದ ಕ್ಷಣದಲ್ಲಿ ಗಡಿಯಾರ ಶುರುವಾಗುತ್ತದೆ, ದಾಖಲೆಯಲ್ಲಿರುವ ಮೊದಲ ಹೊರಹೋಗುವ ಕರೆಗೆ ನಿಲ್ಲುತ್ತದೆ. ತಾನಾಗಿ ಹೋಗುವ ಇಮೇಲ್ ಲೆಕ್ಕಕ್ಕಿಲ್ಲ. ಎರಡು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಮಾತ್ರ ನಮ್ಮದು.

ಆರನೆಯ ವಾರ

ಕೆಲಸದ ಹೊತ್ತನ್ನು ಮಾತ್ರ ಎಣಿಸಲು ಸ್ಪ್ರೆಡ್‌ಶೀಟ್‌ನಲ್ಲಿ ಈ ಸೂತ್ರ ಹಾಕಿದ್ದೇನೆ. A2 ಫಾರ್ಮ್ ಬಂದ ಸಮಯ, B2 ಮೊದಲ ಕರೆಯ ಸಮಯ, D1ರಲ್ಲಿ 9:30, E1ರಲ್ಲಿ 18:00. 11 ಎಂಬ ಸಂಖ್ಯೆಯ ಅರ್ಥ ಭಾನುವಾರ ಮಾತ್ರ ರಜೆ ಎಂದು.

```
=(NETWORKDAYS.INTL(A2,B2,11)-1)*(E$1-D$1)
 +IF(NETWORKDAYS.INTL(B2,B2,11),
   MEDIAN(MOD(B2,1),D$1,E$1),E$1)
 -MEDIAN(NETWORKDAYS.INTL(A2,A2,11)*MOD(A2,1),D$1,E$1)
```

ಕೋಶದ ನಮೂನೆಯನ್ನು `[h]:mm` ಎಂದು ಇಡಬೇಕು. ಹಬ್ಬದ ರಜೆಗಳನ್ನು ಬಿಡಬೇಕಾದರೆ ಅವುಗಳ ಪಟ್ಟಿಯನ್ನು 11ರ ನಂತರ ಮೂರೂ ಕಡೆ ಸೇರಿಸಬೇಕು; ಒಂದು ಕಡೆ ಮರೆತರೂ ಉತ್ತರ ತಪ್ಪುತ್ತದೆ.

ಸೂತ್ರ ಸರಿಯಿದೆಯೇ ಎಂದು ನೋಡಲು ಬೆಳಗಾವಿಯ ಒಂದು ಫೌಂಡ್ರಿಯ ಲೀಡನ್ನು ತೆಗೆದುಕೊಂಡೆ. ಫಾರ್ಮ್ ಬಂದದ್ದು ಶನಿವಾರ ಸಂಜೆ 5:40ಕ್ಕೆ, ಕರೆ ಹೋದದ್ದು ಸೋಮವಾರ ಬೆಳಿಗ್ಗೆ 10:50ಕ್ಕೆ. ಶನಿವಾರದ 20 ನಿಮಿಷ, ಸೋಮವಾರದ 80 ನಿಮಿಷ, ಒಟ್ಟು 1 ಗಂಟೆ 40 ನಿಮಿಷ. ಗಡುವಿನೊಳಗೆ ಕರೆ ಹೋದ ಲೀಡ್ ಎಂದು ವರದಿ ಹಸಿರು ಬಣ್ಣ ತೋರಿಸಿತು. ಕರೆಯ ಟಿಪ್ಪಣಿಯಲ್ಲಿ ಮಾತ್ರ ಗಿರಾಕಿಯ ಮಾತು ಹೀಗಿತ್ತು: “ನಿನ್ನೆನೇ ಇನ್ನೊಬ್ರು ಬಂದು ಲೈನ್ ಅಳತಿ ತಗೊಂಡ್ ಹೋಗ್ಯಾರ್ರೀ.” ಆ ಗಿರಾಕಿ ಕಾದದ್ದು 41 ಗಂಟೆ 10 ನಿಮಿಷ.

ಕೆಲಸದ ಹೊತ್ತಿನ ಗಡಿಯಾರವನ್ನು ಬಿಡುವುದು ನ್ಯಾಯವಲ್ಲ, ಏಕೆಂದರೆ ಭಾನುವಾರ ಮನೆಯಲ್ಲಿರುವವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಆದ್ದರಿಂದ ವರದಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇವೆ: ಒಂದು ಸೇಲ್ಸ್‌ನವರು ಕೊಟ್ಟ ಮಾತಿಗೆ, ಇನ್ನೊಂದು ಗಿರಾಕಿ ಕಾದ ಹೊತ್ತಿಗೆ. ಶನಿವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಕೊಟೇಶನ್ ಕೇಳಿದವರಿಗೆ ಮಾತ್ರ ಕರೆ ಮಾಡಲು ಸರದಿಯಲ್ಲಿ ಒಬ್ಬರಿರುತ್ತಾರೆ, ಅವರಿಗೆ ಬದಲಿ ರಜೆಯಿದೆ.

ಎಂಟನೆಯ ವಾರ

ಕರೆ ದಾಖಲೆಯ ಆಧಾರದ ಮೇಲೆ, ಎರಡು ಗಂಟೆಯ ಗಡುವಿನ 22 ಲೀಡ್‌ಗಳಲ್ಲಿ 15ಕ್ಕೆ ಹೊತ್ತಿಗೆ ಸರಿಯಾಗಿ ಕರೆ ಹೋಗಿದೆ. ತಪ್ಪಿದ ಏಳರಲ್ಲಿ ಐದು ಒಬ್ಬರದೇ; ಆ ಲೀಡ್‌ಗಳು ಬಂದ ಎರಡು ದಿನ ಅವರು ಹೊಸಪೇಟೆಯ ಕಡೆ ಪ್ರವಾಸದಲ್ಲಿದ್ದರು. ಹೆಸರಿಗೆ ಹಾಕಿದ ಲೀಡ್‌ಗೆ ಒಂದು ಗಂಟೆಯಾದರೂ ಕರೆ ಹೋಗದಿದ್ದರೆ ಸರದಿಯಲ್ಲಿ ಮುಂದಿನವರಿಗೆ ದಾಟಬೇಕೆಂದು ಬದಲಾಯಿಸಿದ್ದೇವೆ. ಮೊದಲಿನವರಿಗೆ ಕಮಿಷನ್ ಸಿಗುತ್ತದೆಯೇ ಎಂಬ ಪ್ರಶ್ನೆ ಎದ್ದಿದೆ, ಅದನ್ನು ಸೇಲ್ಸ್ ಮುಖ್ಯಸ್ಥರೇ ತೀರ್ಮಾನಿಸಬೇಕು.

ಇನ್ನು ಉಳಿದಿರುವುದು ಮೇಳದ ಲೀಡ್‌ಗಳು. ಮೂರು ದಿನದ ವಸ್ತುಪ್ರದರ್ಶನದಿಂದ ವಿಸಿಟಿಂಗ್ ಕಾರ್ಡ್‌ಗಳ ಕಟ್ಟೇ ಬರುತ್ತದೆ, ಅವಕ್ಕೆ ಎರಡು ಗಂಟೆಯ ಮಾತು ಕೊಟ್ಟರೆ ಮೊದಲ ದಿನವೇ ಮುರಿಯುತ್ತದೆ. ಅಂದಂದಿನ ಕಾರ್ಡ್‌ಗಳನ್ನು ಅಂದೇ ರಾತ್ರಿ ನಾವು ಸಿಆರ್‌ಎಂಗೆ ಏರಿಸುವುದು, ಮಳಿಗೆಯಲ್ಲೇ ಸಿಎಫ್‌ಎಂ ಬರೆದುಕೊಂಡ ಕಾರ್ಡ್‌ಗಳಿಗೆ ಮರುದಿನ, ಉಳಿದವಕ್ಕೆ ಮೂರು ಕೆಲಸದ ದಿನಗಳಲ್ಲಿ ಕರೆ ಮಾಡುವುದು ಎಂದು ಕರಡು ಬರೆದು ಸೇಲ್ಸ್‌ಗೆ ಕಳಿಸಿದ್ದೇನೆ.