ಬಿಳಿ ಮೈದಾ, ಬಿಳಿಕಾರಕ ಮತ್ತು ಅಲಾಕ್ಸಾನ್: ಪ್ರಯೋಗಾಲಯದ ಮೇಜಿನಿಂದ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ರೋಲರ್ ಫ್ಲೋರ್ ಮಿಲ್‌ನಲ್ಲಿ ಗುಣಮಟ್ಟ ಪರೀಕ್ಷೆ ನನ್ನ ಕೆಲಸ. ಗೋಧಿ ಲಾರಿಯಿಂದ ಇಳಿಯುವಾಗಿನಿಂದ ಮೈದಾ ಚೀಲಕ್ಕೆ ಹೊಲಿಗೆ ಬೀಳುವವರೆಗೆ ತೇವಾಂಶ, ಗ್ಲುಟೆನ್, ಬೂದಿ, ಬಣ್ಣ ಇವುಗಳ ಲೆಕ್ಕ ನನ್ನ ಮೇಜಿನ ಮೇಲೆ ಬರುತ್ತದೆ. ಸಂಬಳ ಮಿಲ್‌ನಿಂದಲೇ ಬರುವುದರಿಂದ ಮೈದಾದ ಪರವಾಗಿ ನಾನು ಆಡುವ ಮಾತನ್ನು ಓದುಗರು ಸ್ವಲ್ಪ ಅನುಮಾನದಿಂದಲೇ ನೋಡುವುದು ನ್ಯಾಯ. ಆ ಕಾರಣಕ್ಕೇ ಇಲ್ಲಿ ಅಭಿಪ್ರಾಯಕ್ಕಿಂತ ಪರೀಕ್ಷೆಯ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಂಡ್ಯದ ಒಬ್ಬ ಬೇಕರಿ ಮಾಲೀಕರು ನಮ್ಮ ಹಳೆಯ ಗಿರಾಕಿ. ಒಮ್ಮೆ ಫೋನ್ ಮಾಡಿ, "ಮೇಡಂ, ಈ ಸಲದ ಮೈದಾ ಸುಣ್ಣ ಬಳಿದಂಗೆ ಬಂದದೆ. ಏನಾರ ಹಾಕೀರಾ? ಅಲಾಕ್ಸಾನ್ ಇಲ್ಲ ಅಂತ ಒಂದು ಸರ್ಟಿಫಿಕೇಟ್ ಕೊಟ್ಬುಡಿ, ಅಂಗಡೀಲಿ ಅಂಟಿಸ್ತೀನಿ" ಎಂದರು. ಅವರಿಗೆ ವಾಟ್ಸಾಪ್‌ನಲ್ಲಿ ಬಂದಿದ್ದ ಸಂದೇಶದಲ್ಲಿ ಮೈದಾವನ್ನು ಬೆಳ್ಳಗೆ ಮಾಡಲು ಅಲಾಕ್ಸಾನ್ ಎಂಬ ರಾಸಾಯನಿಕ ಬೆರೆಸುತ್ತಾರೆ, ಅದು ಮೇದೋಜೀರಕ ಗ್ರಂಥಿಯನ್ನು ಹಾಳು ಮಾಡಿ ಸಕ್ಕರೆ ಕಾಯಿಲೆ ತರುತ್ತದೆ, ಇಲಿಗಳಿಗೆ ಕಾಯಿಲೆ ಬರಿಸಲು ವಿಜ್ಞಾನಿಗಳೇ ಅದನ್ನು ಬಳಸುತ್ತಾರೆ ಎಂದಿತ್ತು. ಇದರಲ್ಲಿ ಕೊನೆಯ ಮಾತು ಪೂರ್ತಿ ನಿಜ. ಅದು ನಿಜವಾಗಿರುವುದರಿಂದಲೇ ಉಳಿದದ್ದನ್ನೂ ಜನ ನಂಬುತ್ತಾರೆ.

ಸರ್ಟಿಫಿಕೇಟ್ ಕೊಡಲು ನಾನು ಒಪ್ಪಲಿಲ್ಲ. ಅಲಾಕ್ಸಾನ್ ಅಳೆಯುವ ಉಪಕರಣ ನಮ್ಮಲ್ಲಿಲ್ಲ, ಅಳೆಯದ ವಸ್ತು ಇಲ್ಲವೆಂದು ಸಹಿ ಹಾಕುವುದು ಸರಿಯಲ್ಲ. ಆದರೆ ಅವರು ಕಣ್ಣಾರೆ ಕಂಡ ಸಂಗತಿ, ಅಂದರೆ ಈ ಚೀಲ ಹಿಂದಿನದಕ್ಕಿಂತ ಬೆಳ್ಳಗಿದೆ ಎಂಬುದು, ಪರೀಕ್ಷೆಗೆ ಸಿಗುವಂಥದ್ದು. ಆ ಚೀಲದಿಂದ ಅರ್ಧ ಕಿಲೋ ಹಿಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಕಳಿಸಿಕೊಡಿ ಎಂದು ಕೇಳಿದೆ. ಪ್ರತಿ ಲಾಟ್‌ನ ಒಂದು ಮಾದರಿಯನ್ನು ಮಿಲ್‌ನಲ್ಲಿ ಎತ್ತಿಡುವ ಪದ್ಧತಿ ಇರುವುದರಿಂದ ಹಳೆಯ ಲಾಟ್, ಹೊಸ ಲಾಟ್ ಎರಡರ ನಮ್ಮ ಮಾದರಿಗಳೂ ಕೈಯಲ್ಲಿದ್ದವು.

ಮೈದಾದ ಬಣ್ಣ ಮಂಕಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ, ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಯಾವ ವಾದವೂ ಮುಂದೆ ಹೋಗುವುದಿಲ್ಲ. ಒಂದು, ಗೋಧಿಯ ಹೊರಸಿಪ್ಪೆ, ಅಂದರೆ ಬೂಸಾ, ಸಣ್ಣ ಸಣ್ಣ ಚುಕ್ಕೆಗಳಾಗಿ ಹಿಟ್ಟಿನಲ್ಲಿ ಉಳಿದುಬಿಡುವುದು. ಇನ್ನೊಂದು, ಕಾಳಿನ ಒಳತಿರುಳಿನಲ್ಲೇ ಇರುವ ತಿಳಿ ಹಳದಿ ಬಣ್ಣ. ಈ ಹಳದಿಗೆ ಕಾರಣ ಕ್ಯಾರೊಟಿನಾಯ್ಡ್ ಗುಂಪಿನ ವರ್ಣದ್ರವ್ಯಗಳು, ಅದರಲ್ಲೂ ಹೆಚ್ಚಿನ ಪಾಲು ಲೂಟಿನ್. ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಬಿಳಿಕಾರಕ ಕೆಲಸ ಮಾಡುವುದು ಈ ಹಳದಿಯ ಮೇಲೆ ಮಾತ್ರ. ಅದನ್ನು ಉತ್ಕರ್ಷಿಸಿ ಒಂದೆರಡು ದಿನಗಳಲ್ಲಿ ಬಣ್ಣ ಕಳೆಯುತ್ತದೆ. ಬೂಸಾದ ಚುಕ್ಕೆಗಳನ್ನು ಅದು ಬೆಳ್ಳಗೆ ಮಾಡಲಾರದು. ಏನನ್ನೂ ಬೆರೆಸದೆ ಕೆಲವು ವಾರ ಇಟ್ಟರೂ ಗಾಳಿಯ ಆಮ್ಲಜನಕದಿಂದ ಹಿಟ್ಟು ತಾನಾಗಿ ಸ್ವಲ್ಪ ಬಿಳುಚುತ್ತದೆ. ಗೋದಾಮಿನಲ್ಲಿ ಇಷ್ಟು ದಿನ ಇಡುವ ಜಾಗ ಮತ್ತು ಬಂಡವಾಳ ಉಳಿಸುವುದಕ್ಕಾಗಿಯೇ ಬಿಳಿಕಾರಕಗಳು ಈ ವ್ಯಾಪಾರದೊಳಗೆ ಬಂದದ್ದು.

ಮೊದಲು ಪೆಕಾರ್ ಪರೀಕ್ಷೆ ಮಾಡಿದೆವು. ಒಂದು ಪಟ್ಟಿಯ ಮೇಲೆ ಎರಡು ಲಾಟ್‌ಗಳ ಹಿಟ್ಟನ್ನು ಪಕ್ಕಪಕ್ಕ ಹಾಕಿ, ಗಾಜಿನ ಬಿಲ್ಲೆಯಿಂದ ಒತ್ತಿ ನುಣುಪು ಮಾಡಿ, ಓರೆಯಾಗಿ ನೀರಿನಲ್ಲಿ ಅದ್ದಿ ತೆಗೆದು ಕೆಲವು ನಿಮಿಷ ಬಿಡುತ್ತೇವೆ. ಒಣಗಿದ್ದಾಗ ಕಾಣದ ಬೂಸಾ ಚುಕ್ಕೆಗಳು ಒದ್ದೆಯಾದಾಗ ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಹಳೆಯ ಲಾಟ್‌ನಲ್ಲಿ ಚುಕ್ಕೆಗಳು ಧಾರಾಳವಾಗಿದ್ದವು, ಹೊಸದರಲ್ಲಿ ಹುಡುಕಿ ನೋಡಬೇಕಾಗಿತ್ತು. ಬೂದಿಯ ಲೆಕ್ಕವೂ ಇದಕ್ಕೆ ಹೊಂದಿಕೊಂಡಿತು. ಹಿಟ್ಟನ್ನು ಕುಲುಮೆಯಲ್ಲಿ ಪೂರ್ತಿ ಸುಟ್ಟಾಗ ಉಳಿಯುವ ಖನಿಜಾಂಶ ಹಳೆಯ ಲಾಟ್‌ನಲ್ಲಿ ಶೇ. 0.56, ಹೊಸದರಲ್ಲಿ ಶೇ. 0.47 ಇತ್ತು. ಖನಿಜಗಳು ಹೆಚ್ಚಾಗಿ ಸಿಪ್ಪೆಯ ಕಡೆಗೇ ಇರುವುದರಿಂದ ಬೂದಿ ಇಳಿಯಿತೆಂದರೆ ಬೂಸಾ ಕಡಿಮೆಯಾಯಿತು ಎಂದರ್ಥ. ಜರಡಿಗಳ ಬಟ್ಟೆ ಬದಲಾಯಿಸಿದ ಮೇಲೆ ಹೊಸ ಲಾಟ್ ತೆಗೆದದ್ದೆಂದು ಮಿಲ್‌ನ ದಾಖಲೆಯಲ್ಲಿತ್ತು, ಬೂಸಾ ಕಡಿಮೆಯಾದದ್ದು ಅದರಿಂದಲೇ.

ಇಷ್ಟರಿಂದ ಬಿಳಿಕಾರಕ ಬೆರೆತಿಲ್ಲ ಎಂದು ಹೇಳಲಾಗದು. ಚೀಲ ಮಿಲ್ ಬಿಟ್ಟ ಮೇಲೆ ನಡುವಿನ ಯಾರಾದರೂ ಬೆರೆಸಿರಬಹುದಲ್ಲ! ಅದಕ್ಕೆ ಇನ್ನೊಂದು ಹಳೆಯ, ಸರಳ ಪರೀಕ್ಷೆ ಇದೆ. ಸುಮಾರು 30 ಗ್ರಾಂ ಹಿಟ್ಟನ್ನು 40 ಮಿಲಿಲೀಟರ್ ಪೆಟ್ರೋಲಿಯಂ ಈಥರ್ ಜೊತೆ ಬಿರಡೆ ಹಾಕಿದ ಸೀಸೆಯಲ್ಲಿ ಚೆನ್ನಾಗಿ ಕುಲುಕಿ, ಹಿಟ್ಟು ತಳ ಸೇರುವವರೆಗೆ ಒಂದು ರಾತ್ರಿ ಬಿಡಬೇಕು. ವರ್ಣದ್ರವ್ಯ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ಈಥರ್‌ಗೆ ಇಳಿಯುತ್ತದೆ. ಬಿಳಿಕಾರಕ ಹಾಕದ ಹಿಟ್ಟಿನಿಂದ ಮೇಲಿನ ತಿಳಿ ಹುಲ್ಲಿನ ಬಣ್ಣಕ್ಕೆ ಬರುತ್ತದೆ, ಹಾಕಿದ್ದರೆ ಹೆಚ್ಚುಕಡಿಮೆ ನೀರಿನಂತೆ ಕಾಣುತ್ತದೆ. ಈಥರ್ ಬೇಗ ಹೊತ್ತಿಕೊಳ್ಳುವುದರಿಂದ ಇದನ್ನು ಯಾರೂ ಅಡುಗೆಮನೆಯಲ್ಲಿ ಮಾಡಬಾರದು. ಮಾರನೆಯ ದಿನ ಬಿಳಿ ಕಾಗದದ ಮುಂದೆ ಮೂರು ಸೀಸೆಗಳನ್ನಿಟ್ಟು ನೋಡಿದಾಗ ಹಳೆಯ ಲಾಟ್, ನಾವು ಎತ್ತಿಟ್ಟ ಹೊಸ ಲಾಟ್, ಮಂಡ್ಯದಿಂದ ಬಂದ ಹೊಸ ಲಾಟ್ ಮೂರರಲ್ಲೂ ಒಂದೇ ಹಳದಿ ಇತ್ತು. ಹಳದಿ ಹಾಗೇ ಉಳಿದು ಚುಕ್ಕೆ ಮಾತ್ರ ಕಡಿಮೆಯಾಗಿದೆ ಎಂದರೆ ಹಿಟ್ಟು ಬೆಳ್ಳಗಾದದ್ದು ಜರಡಿಯಿಂದ, ರಾಸಾಯನಿಕದಿಂದ ಅಲ್ಲ. ಈ ಪರೀಕ್ಷೆಗೂ ಮಿತಿಯಿದೆ: ಬಹಳ ದಿನ ಇಟ್ಟ ಹಿಟ್ಟಿನಲ್ಲಿಯೂ ಬಣ್ಣ ಇಳಿದಿರುತ್ತದೆ. ಹಾಗಾಗಿ ಈಥರ್ ಬಣ್ಣವಿಲ್ಲದೆ ಕಂಡಾಗ ಅಷ್ಟಕ್ಕೇ ತೀರ್ಪು ಕೊಡದೆ ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಅದರಿಂದ ಉಳಿಯುವ ಬೆಂಜಾಯಿಕ್ ಆಮ್ಲವನ್ನು ದೊಡ್ಡ ಪ್ರಯೋಗಾಲಯದಲ್ಲಿ ಅಳೆಸಬೇಕು.

ಇನ್ನು ಅಲಾಕ್ಸಾನ್ ವಿಷಯ. ಲೀಬಿಗ್ ಮತ್ತು ವ್ಯೋಲರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು 1838ರಲ್ಲಿ ಇದನ್ನು ವಿವರಿಸಿದ್ದು ಯೂರಿಕ್ ಆಮ್ಲದ ಮೇಲೆ ನೈಟ್ರಿಕ್ ಆಮ್ಲ ಪ್ರಯೋಗಿಸಿ. 1943ರಲ್ಲಿ ಗ್ಲಾಸ್ಗೋದ ಸಂಶೋಧಕರು ಮೊಲಗಳಿಗೆ ಚುಚ್ಚಿದಾಗ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸಾಯುವುದು ಕಂಡಿತು, ಆಮೇಲೆ ಪ್ರಾಣಿಗಳಲ್ಲಿ ಮಧುಮೇಹ ಉಂಟುಮಾಡುವ ಸಾಧನವಾಗಿ ಅದು ಹೆಸರಾಯಿತು. ಅದನ್ನು ಹಿಟ್ಟಿಗೆ ಬಿಳಿಕಾರಕವಾಗಿ ಸುರಿಯುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ. ಯಾವ ದೇಶದ ಬಿಳಿಕಾರಕಗಳ ಪಟ್ಟಿಯಲ್ಲೂ ನಾನು ಅದನ್ನು ನೋಡಿಲ್ಲ. ಈ ಆಕ್ಷೇಪಕ್ಕೆ ಉತ್ತರವಾಗಿ ವದಂತಿ ಇನ್ನೊಂದು ರೂಪ ತಾಳುತ್ತದೆ: ಅಲಾಕ್ಸಾನ್ ಬೆರೆಸುವುದಿಲ್ಲ, ಬಿಳಿಕಾರಕ ಹಳದಿ ಬಣ್ಣದ ಜೊತೆ ಸೇರಿದಾಗ ಅದು ಹುಟ್ಟುತ್ತದೆ ಎಂದು.

ಈ ಎರಡನೆಯ ರೂಪವನ್ನು ಸ್ವಲ್ಪ ನಿಂತು ನೋಡಬೇಕು. ಅಲಾಕ್ಸಾನ್‌ನ ಸೂತ್ರ C₄H₂N₂O₄, ಅಂದರೆ ಪ್ರತಿ ಅಣುವಿನಲ್ಲೂ ಎರಡು ಸಾರಜನಕ ಪರಮಾಣುಗಳಿವೆ. ಲೂಟಿನ್‌ನ ಸೂತ್ರ C₄₀H₅₆O₂, ಬೆಂಜಾಯಿಲ್ ಪೆರಾಕ್ಸೈಡ್‌ನದು C₁₄H₁₀O₄. ಎರಡರಲ್ಲೂ ಸಾರಜನಕ ಇಲ್ಲವೇ ಇಲ್ಲ. ಆದ್ದರಿಂದ ಇವೆರಡೇ ಸೇರಿ ಅಲಾಕ್ಸಾನ್ ಆಗುವುದು ಸಾಧ್ಯವಿಲ್ಲ. ಹಿಟ್ಟಿನಲ್ಲಿ ಪ್ರೋಟೀನ್ ಮತ್ತು ನ್ಯೂಕ್ಲಿಯಿಕ್ ಆಮ್ಲಗಳಿಂದ ಸಾರಜನಕ ಇದೆಯಲ್ಲ ಎಂದು ಯಾರಾದರೂ ಕೇಳಿದರೆ ಅದು ಒಪ್ಪಬಹುದಾದ ಪ್ರಶ್ನೆ. ಹುಳು ಬಿದ್ದ ಧಾನ್ಯದಲ್ಲಂತೂ ಕೀಟಗಳ ಹಿಕ್ಕೆಯಿಂದ ಯೂರಿಕ್ ಆಮ್ಲವೇ ಸೇರಿಕೊಳ್ಳುತ್ತದೆ, ಕ್ಲೋರಿನ್‌ನಂಥ ಪ್ರಬಲ ಉತ್ಕರ್ಷಕ ಅದರ ಮೇಲೆ ಕೆಲಸ ಮಾಡಿದರೆ ಕಾಗದದ ಮೇಲೆ ಅಲಾಕ್ಸಾನ್ ಬರೆಯಬಹುದು. ಆದರೆ ಕಾಗದದ ಮೇಲಿನ ಸಾಧ್ಯತೆಗೂ ರೊಟ್ಟಿಯಲ್ಲಿ ಉಳಿಯುವ ಪ್ರಮಾಣಕ್ಕೂ ಬಹಳ ದೂರ. ದೇಹದ ಉಷ್ಣತೆಯಲ್ಲಿ, ರಕ್ತದಂಥ ತಟಸ್ಥ ದ್ರವದಲ್ಲಿ ಅಲಾಕ್ಸಾನ್‌ನ ಅರ್ಧಾಯುಷ್ಯ ಒಂದೂವರೆ ನಿಮಿಷದಷ್ಟು ಮಾತ್ರ. ಅಮೈನೋ ಆಮ್ಲ ಸಿಕ್ಕಿದರೆ ಅದರೊಡನೆಯೂ ವರ್ತಿಸಿ ಖರ್ಚಾಗುತ್ತದೆ, ಕಲಸಿದ ಹಿಟ್ಟಿನಲ್ಲಿ ಅಮೈನೋ ಆಮ್ಲಗಳಿಗೆ ಕೊರತೆಯಿಲ್ಲ. ಸಾಮಾನ್ಯ ಬಣ್ಣದ ಪರೀಕ್ಷೆಗಳಿಂದ ಹಿಟ್ಟಿನಲ್ಲಿ ಅಲಾಕ್ಸಾನ್ ಇದೆ ಎಂದು ತೋರಿಸುವ ವರದಿಗಳನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಅಂಥ ಬಣ್ಣ ಕೊಡುವ ಬೇರೆ ಸಂಯುಕ್ತಗಳೂ ಅಲ್ಲಿರುತ್ತವೆ.

ಪ್ರಮಾಣದ ಲೆಕ್ಕವನ್ನೂ ಒಮ್ಮೆ ಹಾಕೋಣ. ಇಲಿಯ ರಕ್ತನಾಳಕ್ಕೆ ಚುಚ್ಚುವಾಗ ಪ್ರತಿ ಕಿಲೋ ತೂಕಕ್ಕೆ ಸುಮಾರು 50 ಮಿಲಿಗ್ರಾಂ ಬೇಕಾಗುತ್ತದೆ. ಬರಿಯ ಅಂದಾಜಿಗಾಗಿ 60 ಕಿಲೋ ತೂಕದ ಮನುಷ್ಯನಿಗೆ ಇದನ್ನೇ ಹಿಡಿದರೆ 3 ಗ್ರಾಂ ಆಯಿತು. ದಿನಕ್ಕೆ ಕಾಲು ಕಿಲೋ ಮೈದಾ ತಿನ್ನುವವನಿಗೆ ಇಷ್ಟು ಸಿಗಬೇಕಾದರೆ ಪ್ರತಿ ಕಿಲೋ ಹಿಟ್ಟಿನಲ್ಲಿ 12 ಗ್ರಾಂ ಅಲಾಕ್ಸಾನ್ ಇರಬೇಕು, ಅದೂ ಒಲೆಯ ಶಾಖದಲ್ಲಿ ಉಳಿದು, ಹೊಟ್ಟೆ ದಾಟಿ ರಕ್ತ ಸೇರಬೇಕು. ಅಲಾಕ್ಸಾನ್ ಬೀಟಾ ಕೋಶದೊಳಗೆ ನುಗ್ಗುವುದು ಗ್ಲೂಕೋಸ್ ಸಾಗಿಸುವ GLUT2 ಎಂಬ ಬಾಗಿಲಿನ ಮೂಲಕ. ಇಲಿಯ ಕೋಶಗಳಲ್ಲಿ ಇದು ಹೇರಳ, ಮನುಷ್ಯರ ಬೀಟಾ ಕೋಶಗಳಲ್ಲಿ ಕಡಿಮೆ, ಹಾಗಾಗಿ ಪ್ರಯೋಗಾಲಯದಲ್ಲಿ ಮನುಷ್ಯರ ಕೋಶಗಳು ಅಲಾಕ್ಸಾನ್‌ಗೆ ಸುಲಭವಾಗಿ ಬಗ್ಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಬಿಳಿಕಾರಕಗಳ ಮೇಲಿನ ಅನುಮಾನವೇ ಹುಚ್ಚು ಎಂದು ನಾನು ಹೇಳುವುದಿಲ್ಲ. ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಅನಿಲದಿಂದ ಹಿಟ್ಟು ಬಿಳಿಸುವುದು ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ದಶಕಗಳ ಕಾಲ ನಡೆದಿತ್ತು. ಅಂಥ ಹಿಟ್ಟು ತಿಂದ ನಾಯಿಗಳಿಗೆ ಸೆಳವು ಬರುತ್ತದೆಂದು ಎಡ್ವರ್ಡ್ ಮೆಲ್ಲನ್‌ಬಿ 1946ರಲ್ಲಿ ತೋರಿಸಿದರು. ಅನಿಲವು ಗೋಧಿ ಪ್ರೋಟೀನಿನ ಮೆಥಿಯೋನಿನ್ ಜೊತೆ ಸೇರಿ ಮೆಥಿಯೋನಿನ್ ಸಲ್ಫಾಕ್ಸಿಮೀನ್ ಎಂಬ ವಿಷ ಹುಟ್ಟುತ್ತದೆಂದು ಮುಂದೆ ಗೊತ್ತಾಯಿತು. ಮನುಷ್ಯರಲ್ಲಿ ಅಂಥ ಕಾಯಿಲೆ ಸಾಬೀತಾಗದಿದ್ದರೂ ಆ ಅನಿಲವನ್ನು ಕೈಬಿಡಲಾಯಿತು. ಬಿಳಿಕಾರಕ ಹಿಟ್ಟಿನೊಳಗೆ ಹೊಸ ವಿಷ ಹುಟ್ಟಿಸಬಲ್ಲದು ಎಂಬುದಕ್ಕೆ ಇದು ನಿಜವಾದ ಉದಾಹರಣೆ. ಇಲ್ಲಿ ವಿಷವನ್ನು ಬೇರ್ಪಡಿಸಿ, ಹೆಸರಿಟ್ಟು, ಅದನ್ನೇ ಪ್ರಾಣಿಗೆ ಕೊಟ್ಟು ಅದೇ ಸೆಳವು ಬರುವುದನ್ನು ತೋರಿಸಿದರು. ಅಲಾಕ್ಸಾನ್ ಮತ್ತು ಮೈದಾದ ವಿಷಯದಲ್ಲಿ ಆ ಹೆಜ್ಜೆಗಳು ಯಾವುವೂ ಕಾಣುವುದಿಲ್ಲ. ಬ್ರೆಡ್ಡಿನ ಹಿಟ್ಟು ಚೆನ್ನಾಗಿ ಉಬ್ಬಲೆಂದು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಕೂಡ ಹೀಗೇ, ಕ್ಯಾನ್ಸರ್ ಸಂಬಂಧದ ಕಾರಣಕ್ಕೆ 2016ರಲ್ಲಿ ನಮ್ಮ ದೇಶದ ಅನುಮತಿ ಪಟ್ಟಿಯಿಂದ ಹೊರಬಿತ್ತು. ಅದು ಬಿಳಿಕಾರಕವಲ್ಲ, ಸುಧಾರಕ. ವಾಟ್ಸಾಪ್‌ನಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಬೆಂಜಾಯಿಲ್ ಪೆರಾಕ್ಸೈಡ್ ಬಗ್ಗೆ ಗೊತ್ತಿರುವುದು ಹೀಗಿದೆ. ಕಿಲೋಗೆ 40 ಮಿಲಿಗ್ರಾಂ ಹಾಕಿದ ಹಿಟ್ಟಿನ 100 ಗ್ರಾಂನಲ್ಲಿ 4 ಮಿಲಿಗ್ರಾಂ ಇರುತ್ತದೆ, ಅದೆಲ್ಲವೂ ಒಡೆದರೆ ಸುಮಾರು 4 ಮಿಲಿಗ್ರಾಂ ಬೆಂಜಾಯಿಕ್ ಆಮ್ಲವಾಗುತ್ತದೆ. ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಎಂಬ ಹಳೆಯ ಬಿಗಿ ಮಿತಿಯನ್ನೇ ಹಿಡಿದರೂ 60 ಕಿಲೋ ತೂಕದವರಿಗೆ 300 ಮಿಲಿಗ್ರಾಂವರೆಗೆ ಅವಕಾಶವಿದೆ. ಅಮೆರಿಕ ಈ ಬಿಳಿಕಾರಕಕ್ಕೆ ಅನುಮತಿ ಕೊಡುತ್ತದೆ, ಯುರೋಪಿನ ಒಕ್ಕೂಟ ಹಿಟ್ಟಿಗೆ ಹಾಕಲು ಅನುಮತಿ ಕೊಡುವುದಿಲ್ಲ. ನನ್ನ ಮಟ್ಟಿಗೆ ಕಣ್ಣಿಗೆ ಬಿಳುಪು ಎಂಬ ಒಂದೇ ಕಾರಣಕ್ಕೆ ಇದನ್ನು ಹಾಕುವ ಅಗತ್ಯವಿಲ್ಲ. ನಮ್ಮಲ್ಲಿ ಹಾಕುವುದೂ ಇಲ್ಲ.

ಬೇಕರಿಯವರಿಗೆ ಕೊನೆಗೆ ಕಳಿಸಿದ್ದು ಸರ್ಟಿಫಿಕೇಟ್ ಅಲ್ಲ, ಒಂದು ಪುಟದ ವರದಿ: ಎರಡು ಲಾಟ್‌ಗಳ ಬೂದಿ, ಪೆಕಾರ್ ಪಟ್ಟಿಯ ಫೋಟೋ, ಮೂರು ಸೀಸೆಗಳ ಫೋಟೋ, ಯಾವ ಬಿಳಿಕಾರಕವನ್ನೂ ಬೆರೆಸಿಲ್ಲ ಎಂಬ ಮಿಲ್‌ನ ಹೇಳಿಕೆ, ಅಲಾಕ್ಸಾನ್ ಪರೀಕ್ಷೆ ನಾವು ಮಾಡಿಲ್ಲ ಎಂಬ ಸಾಲು. ಬಿಳಿಕಾರಕ ಅಥವಾ ಸುಧಾರಕ ಹಾಕಿದ ಮೈದಾ ಚೀಲದ ಮೇಲೆ ಅದನ್ನು ಮುದ್ರಿಸಬೇಕೆಂದು ನಿಯಮವಿರುವುದರಿಂದ ಮುಂದೆ ಬೇರೆ ಕಡೆ ಕೊಳ್ಳುವಾಗ ಆ ಸಾಲು ಇದೆಯೇ ಎಂದು ನೋಡಿಕೊಳ್ಳಿ ಎಂದೂ ಸೇರಿಸಿದೆ. ಅವರು ಓದಿ ಮತ್ತೆ ಫೋನ್ ಮಾಡಿ, "ಹಂಗಾದ್ರೆ ಸಕ್ಕರೆ ಕಾಯಿಲೆಯೋರು ಬನ್ನು ತಿನ್ಬೋದಾ ಮೇಡಂ?" ಎಂದು ಕೇಳಿದರು. ಬೂಸಾ ತೆಗೆದ ಮೇಲೆ ನಾರು ಹೋಗಿ ಪಿಷ್ಟ ಉಳಿಯುತ್ತದೆ, ಆ ಪಿಷ್ಟ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಅದಕ್ಕೆ ಯಾವ ಬಿಳಿಕಾರಕವೂ ಬೇಕಿಲ್ಲ, ಎಷ್ಟು ತಿನ್ನಬಹುದೆಂದು ಅವರ ಡಾಕ್ಟರೇ ಹೇಳಬೇಕು ಎಂದೆ.