ನೌಕರಿಯೋ ವ್ಯಾಪಾರವೋ: ದಶಮ ಸ್ಥಾನವನ್ನು ಕೇಳಬಾರದ ಪ್ರಶ್ನೆ

“ಜೋಯಿಸರೇ, ದಶಮ ಸ್ಥಾನ ನೋಡಿ ಒಂದೇ ಮಾತಿನಲ್ಲಿ ಹೇಳಿಬಿಡಿ. ನನಗೆ ಕೆಲಸವೇ ಆಗಿಬರುತ್ತದೆಯೋ, ಇಲ್ಲ ಸ್ವಂತ ಬಿಸಿನೆಸ್ಸೋ?”

ಒಂದೇ ಮಾತಿನಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಒಂದು ಕೈಯಲ್ಲಿ ಹೋಳಿಗೆ ಮುರಿಯುತ್ತ ಇನ್ನೊಂದು ಕೈಯಲ್ಲಿ ಮೊಬೈಲಿನ ಕುಂಡಲಿಯನ್ನು ನನ್ನ ಎಲೆಯ ಮೇಲೆ ಚಾಚಿದಾಗಲಂತೂ ಖಂಡಿತ ಆಗುವುದಿಲ್ಲ. ಇಷ್ಟು ವರ್ಷ ನಗುತ್ತಲೇ ತಪ್ಪಿಸಿಕೊಂಡು ಬಂದಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಈ ಬರಹವನ್ನೇ ತೋರಿಸುತ್ತೇನೆ.

ದಶಮವು ಕರ್ಮಸ್ಥಾನ. ಆ ಮನೆ, ಅದರಲ್ಲಿರುವ ಗ್ರಹ, ಅದರ ಅಧಿಪತಿ ಹೋಗಿ ಕುಳಿತಿರುವ ಸ್ಥಾನ, ಇವು ಮೂರೂ ಸೇರಿ ಮನುಷ್ಯನ ಕೈಗೆ ಯಾವ ಬಗೆಯ ಕೆಲಸ ಹೊಂದುತ್ತದೆ ಎಂಬುದನ್ನು ಸೂಚಿಸುತ್ತವೆ. ವರಾಹಮಿಹಿರನ ಬೃಹಜ್ಜಾತಕದಲ್ಲಿ ಇದಕ್ಕೆಂದೇ ಕರ್ಮಾಜೀವ ಎಂಬ ಅಧ್ಯಾಯವಿದೆ. ಲಗ್ನ, ಚಂದ್ರ, ಸೂರ್ಯ ಈ ಮೂರರಿಂದಲೂ ಹತ್ತನೆಯ ಮನೆಯನ್ನು ಎಣಿಸಿ, ಆ ಮನೆಯ ಅಧಿಪತಿ ರಾಶಿಯ ಒಂಬತ್ತು ಪಾಲುಗಳಲ್ಲಿ ಯಾವ ಪಾಲಿನಲ್ಲಿ, ಅಂದರೆ ಯಾವ ನವಾಂಶದಲ್ಲಿದ್ದಾನೋ ಆ ನವಾಂಶದ ಒಡೆಯನಿಂದ ಜೀವನೋಪಾಯವನ್ನು ತಿಳಿಯಬೇಕೆಂದು ಅಲ್ಲಿ ಹೇಳಿದೆ. ಸೂರ್ಯನಾದರೆ ಚಿನ್ನ, ಉಣ್ಣೆ, ಔಷಧ. ಬುಧನಾದರೆ ಬರವಣಿಗೆ, ಲೆಕ್ಕ. ಶನಿಯಾದರೆ ಹೊರೆ ಹೊರುವ ದುಡಿಮೆ. ಔಷಧವೆಂದರೆ ಸರ್ಕಾರಿ ಆಸ್ಪತ್ರೆಯ ಔಷಧ ವಿತರಕನ ಹುದ್ದೆಯೋ ಸ್ವಂತ ಮೆಡಿಕಲ್ ಶಾಪೋ ಎಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ನೀವು ದಶಮವನ್ನು ಕೇಳುತ್ತಿರುವುದು ಅದು ಉತ್ತರಿಸದ ಪ್ರಶ್ನೆಯನ್ನು.

ಹಾಗಾದರೆ ಜ್ಯೋತಿಷಿಗಳು ಏನನ್ನು ನೋಡಿ ಹೇಳುತ್ತಾರೆ ಎಂದರೆ, ಆರನೆಯ ಮನೆಯನ್ನೂ ಏಳನೆಯ ಮನೆಯನ್ನೂ ತೂಗಿ ನೋಡುತ್ತಾರೆ. ಆರು ಸೇವೆ, ಸಾಲ, ಶತ್ರು, ರೋಗಗಳ ಮನೆ. ಇನ್ನೊಬ್ಬರ ಕೈಕೆಳಗೆ ದುಡಿಯುವುದು ಇಲ್ಲಿಗೆ ಸೇರುತ್ತದೆ. ಏಳು ಎದುರಿಗೆ ನಿಂತವರ ಮನೆ. ಹೆಂಡತಿ, ಪಾಲುದಾರ, ಗಿರಾಕಿ ಎಲ್ಲರೂ ಇಲ್ಲಿಯವರೇ. ದಶಮಾಧಿಪತಿಗೆ ಆರರ ನಂಟು ಬಲವಾಗಿದ್ದರೆ ನೌಕರಿ, ಏಳರ ನಂಟು ಬಲವಾಗಿದ್ದರೆ ವ್ಯಾಪಾರ ಎಂಬುದು ರೂಢಿಯ ಸೂತ್ರ. ಸೂತ್ರ ಕೆಟ್ಟದ್ದೇನಲ್ಲ, ನಾನೂ ಅಲ್ಲಿಂದಲೇ ಆರಂಭಿಸುತ್ತೇನೆ. ಆದರೆ ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಸಿಂಹ ಲಗ್ನದ ಜಾತಕವೊಂದು ನನಗೆ ಚೆನ್ನಾಗಿಯೇ ಕಲಿಸಿತು.

ಹನ್ನೆರಡು ಲಗ್ನಗಳಲ್ಲಿ ಸಿಂಹ ಲಗ್ನವೊಂದಕ್ಕೆ ಮಾತ್ರ ಆರು ಮತ್ತು ಏಳನೆಯ ಮನೆಗಳೆರಡಕ್ಕೂ ಒಬ್ಬನೇ ಒಡೆಯ. ಸಿಂಹದಿಂದ ಎಣಿಸಿದರೆ ಆರನೆಯದಾದ ಮಕರವೂ ಏಳನೆಯದಾದ ಕುಂಭವೂ ಶನಿಯವೇ. ಷಷ್ಠಾಧಿಪತಿ ಬಲಿಷ್ಠನೋ ಸಪ್ತಮಾಧಿಪತಿ ಬಲಿಷ್ಠನೋ ಎಂದು ಕೇಳಿದರೆ, ಶನಿ ತನ್ನೊಂದಿಗೆ ತಾನೇ ಕುಸ್ತಿ ಆಡಬೇಕಾಗುತ್ತದೆ.

ಆ ಜಾತಕದ ಹುಡುಗ (ಮೂವತ್ತೆರಡು ವರ್ಷದವನನ್ನು ಹುಡುಗ ಎನ್ನುವ ವಯಸ್ಸು ನನ್ನದು) ಹುಟ್ಟಿದ್ದು 1992ರ ಫೆಬ್ರವರಿ ಮೂರನೆಯ ವಾರದ ಒಂದು ಸಂಜೆ. ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ತೆರಿಗೆ ಲೆಕ್ಕ ನೋಡುವ ಕೆಲಸದಲ್ಲಿದ್ದ. ಭಾಮೈದನ ಜೊತೆ ಸೇರಿ ದರ್ಶಿನಿ ಹೋಟೆಲ್ ತೆರೆಯಬೇಕೆಂಬುದು ಅವನ ಆಸೆ. 2024ರಲ್ಲಿ ನನ್ನ ಬಳಿ ಬಂದಾಗ ಅವನ ಮೊಬೈಲಿನಲ್ಲಿ ಒಂದರ ಬದಲು ಎರಡು ಕುಂಡಲಿಗಳಿದ್ದವು, ಎರಡರ ಫಲವೂ ಒಂದಕ್ಕೊಂದು ತದ್ವಿರುದ್ಧವಾಗಿತ್ತು. ಒಂದನ್ನು ಆಸ್ಪತ್ರೆಯ ಚೀಟಿಯಲ್ಲಿದ್ದ 5.45ರ ಸಮಯಕ್ಕೂ, ಇನ್ನೊಂದನ್ನು ತಾಯಿ ಹೇಳಿದ “ದೀಪ ಹಚ್ಚುವ ಹೊತ್ತಿಗೆ”, ಅಂದರೆ ಆರೂವರೆಯ ಆಸುಪಾಸಿಗೂ ಹಾಕಿಸಿದ್ದ.

ಆ ಸಂಜೆ ಸೂರ್ಯ ಕುಂಭದ ಏಳೆಂಟು ಅಂಶಗಳಲ್ಲಿದ್ದ. ಮುಳುಗುವ ಸೂರ್ಯನಿಗೆ ನೇರ ಎದುರಿನ ರಾಶಿಯೇ ಆಗ ಪೂರ್ವದಲ್ಲಿ ಉದಯಿಸುವುದರಿಂದ ಸೂರ್ಯಾಸ್ತದ ಲಗ್ನವು ಸಿಂಹದ ಏಳೆಂಟು ಅಂಶ. ಲಗ್ನ ಒಂದು ಅಂಶ ಸರಿಯಲು ಸುಮಾರು ನಾಲ್ಕು ನಿಮಿಷ ಬೇಕು. ಹಾಗಾಗಿ ಅರ್ಧ ಗಂಟೆಗಿಂತ ಸ್ವಲ್ಪ ಹಿಂದಕ್ಕೆ ಹೋದರೆ ಸಿಂಹ ಕಳಚಿ ಕರ್ಕಾಟಕ ಲಗ್ನ ಬರುತ್ತದೆ. 5.45ಕ್ಕೆ ಲಗ್ನ ಕರ್ಕಾಟಕವೇ.

ಗ್ರಹಗಳು ಎರಡು ಕುಂಡಲಿಗಳಲ್ಲೂ ಅವೇ. ಮಕರದಲ್ಲಿ ಸ್ವಕ್ಷೇತ್ರದ ಶನಿ, ಉಚ್ಚ ಕುಜ, ಶುಕ್ರ, ಕುಂಭದಲ್ಲಿ ಸೂರ್ಯ ಮತ್ತು ಬುಧ, ಸಿಂಹದಲ್ಲಿ ವಕ್ರಿ ಗುರು, ಕನ್ಯೆಯಲ್ಲಿ ಚಂದ್ರ. ಕರ್ಕಾಟಕ ಲಗ್ನವೆಂದು ಹಿಡಿದರೆ ದಶಮಾಧಿಪತಿ ಕುಜ ಉಚ್ಚನಾಗಿ ಸಪ್ತಮದಲ್ಲಿ ನಿಲ್ಲುತ್ತಾನೆ. ಸಪ್ತಮಾಧಿಪತಿ ಶನಿ ಸ್ವಂತ ಮನೆಯಲ್ಲಿ ಅವನ ಪಕ್ಕದಲ್ಲಿದ್ದರೆ, ಲಾಭಾಧಿಪತಿ ಶುಕ್ರನೂ ಅಲ್ಲಿಯೇ ಇದ್ದಾನೆ. ಹೋಟೆಲಿಗೆ ಬೋರ್ಡು ಬರೆಸುವುದೊಂದೇ ಬಾಕಿ. ಸಿಂಹ ಲಗ್ನವಾದರೆ ಅದೇ ಮೂರು ಗ್ರಹಗಳು ಆರನೆಯ ಮನೆಗೆ ಬೀಳುತ್ತವೆ, ದಶಮಾಧಿಪತಿಯಾದ ಶುಕ್ರ ಶನಿಯ ಜೊತೆ ಸೇವೆಯ ಮನೆಯಲ್ಲಿ ಕುಳಿತಂತಾಗುತ್ತದೆ. ಮುಕ್ಕಾಲು ಗಂಟೆಯ ವ್ಯತ್ಯಾಸಕ್ಕೆ ಮಾಲೀಕ ಗುಮಾಸ್ತನಾಗುತ್ತಾನೆ. ಒಂದೇ ಮಾತಿನಲ್ಲಿ ಹೇಳಿ ಎನ್ನುವವರು ಇದನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಯಾವ ಲಗ್ನ ಸರಿ ಎಂದು ತಿಳಿಯಲು ನಡೆದುಹೋದ ಸಂಗತಿಗಳನ್ನೇ ಕೇಳಬೇಕು. ಲಗ್ನ ಬದಲಾದರೂ ಚಂದ್ರ ಉತ್ತರಾ ನಕ್ಷತ್ರದಲ್ಲೇ ಇರುವುದರಿಂದ ದಶೆಗಳು ಬಹುಮಟ್ಟಿಗೆ ಬದಲಾಗುವುದಿಲ್ಲ, ಮತ್ತು ನಮಗೆ ಅನುಕೂಲವಾಗುವುದೂ ಇದೇ. ಅವನಿಗೆ ರಾಹು ದಶೆಯಲ್ಲಿ ಶನಿ ಭುಕ್ತಿ, ಅಂದರೆ ಆ ದಶೆಯೊಳಗೆ ಶನಿಯ ಪಾಲಿನ ಕಾಲ, ನಡೆದದ್ದು ಸರಿಸುಮಾರು 2015ರಿಂದ 2018ರ ಆರಂಭದವರೆಗೆ. ಶನಿ ಸಪ್ತಮಾಧಿಪತಿಯಾಗಿ ಸಪ್ತಮದಲ್ಲಿದ್ದಿದ್ದರೆ ಆ ಕಾಲದಲ್ಲಿ ಮದುವೆಯ ಮಾತೋ ಪಾಲುದಾರಿಕೆಯೋ ಕಾಣಿಸಿಕೊಳ್ಳಬೇಕಿತ್ತು. ಅವನು ಹೇಳಿದ್ದು ಬೇರೆ: 2016ರಲ್ಲಿ ಈ ಕೆಲಸಕ್ಕೆ ಸೇರಿದ, ಓದಿಗೆ ಮಾಡಿದ್ದ ಸಾಲವನ್ನು ಸಂಬಳದಲ್ಲೇ ತೀರಿಸಿದ, ನಡುವೆ ಕಾಮಾಲೆಯಾಗಿ ಒಂದು ತಿಂಗಳು ಮಲಗಿದ. ಮದುವೆಯಾದದ್ದು 2021ರಲ್ಲಿ. ಸೇವೆ, ಸಾಲ, ರೋಗ ಮೂರೂ ಆರನೆಯ ಮನೆಯ ಸಾಮಾನುಗಳೇ. ತಾಯಿಯ ಮಾತೇ ಸರಿ ಎಂದು ನಾನು ಸಿಂಹ ಲಗ್ನವನ್ನು ಇಟ್ಟುಕೊಂಡೆ. ಚೀಟಿಯ 5.45 ಬಹುಶಃ ತಾಯಿಯನ್ನು ಹೆರಿಗೆ ಕೋಣೆಗೆ ಕರೆದೊಯ್ದ ಹೊತ್ತಿರಬೇಕು. ಒಂದು ಭುಕ್ತಿಯ ಸಾಕ್ಷಿ ಪೂರ್ಣ ಸಾಕ್ಷಿಯಲ್ಲ, ಒಪ್ಪುತ್ತೇನೆ. ಹತ್ತು ವರ್ಷದ ಹಿಂದಿನದನ್ನು ಮನುಷ್ಯ ತನಗೆ ಬೇಕಾದಂತೆ ನೆನಪಿಸಿಕೊಳ್ಳುವುದೂ ಉಂಟು.

“ಹಾಗಾದರೆ ನೌಕರಿಯೇ ಗತಿಯೇ?” ಎಂದ. ಗತಿ ಎಂಬ ಪದವನ್ನು ಅವನು ಬಳಸಿದ ರೀತಿಯಿಂದ ನನಗೆ ನಿಜಕ್ಕೂ ಸಿಟ್ಟು ಬಂತು. ಸಂಬಳ ತಪ್ಪದೆ ಬರುವ ಕೆಲಸವನ್ನು ಗ್ರಹದೋಷದಂತೆ ಮಾತನಾಡುವವರು ಈಚೆಗೆ ಹೆಚ್ಚಾಗಿದ್ದಾರೆ.

ಆದರೆ ಜಾತಕ ಅಷ್ಟಕ್ಕೇ ಮುಗಿಯುವುದಿಲ್ಲ. ಸಿಂಹ ಲಗ್ನಕ್ಕೆ ಸೂರ್ಯ ಲಗ್ನಾಧಿಪತಿ. ಅವನು ಏಳರಲ್ಲಿ, ಗಿರಾಕಿಗಳ ಮನೆಯಲ್ಲಿದ್ದಾನೆ. ಧನ ಮತ್ತು ಲಾಭ ಎರಡಕ್ಕೂ ಅಧಿಪತಿಯಾದ ಬುಧ, ಅಸ್ತಂಗತನಾದರೂ, ಅವನ ಜೊತೆಗಿದ್ದಾನೆ. ಲಗ್ನದ ಗುರು ತನ್ನ ಸಪ್ತಮ ದೃಷ್ಟಿಯಿಂದ ಇಬ್ಬರನ್ನೂ ನೋಡುತ್ತಾನೆ. ಇಂಥವನು ಜೀವನಪೂರ್ತಿ ಒಬ್ಬ ಯಜಮಾನನ ಮುಖವನ್ನೇ ನೋಡುತ್ತ ಕೂರಲಾರ, ಜನರೊಂದಿಗೆ ನೇರ ವ್ಯವಹಾರಕ್ಕೆ ಹಾತೊರೆಯುತ್ತಾನೆ. ಇನ್ನು ವರಾಹಮಿಹಿರನ ದಾರಿ ಹಿಡಿದರೆ, ಮಕರದ ಎಂಟನೆಯ ಅಂಶದ ಆಚೆ ಇರುವ ಶುಕ್ರನ ನವಾಂಶ ಮೀನ. ಅದರ ಒಡೆಯ ಗುರು. ಅಂದರೆ ಉಪದೇಶ, ಶಾಸ್ತ್ರ, ಸಲಹೆಯಿಂದ ಬರುವ ಹಣ. ಚಂದ್ರನಿಂದ ಹತ್ತನೆಯ ಮನೆ ಮಿಥುನ, ಅದರ ಒಡೆಯ ಲೆಕ್ಕದ ಬುಧ. ಇವನ ಕೈಗೆ ಒಗ್ಗುವ ಕೆಲಸ ಸಲಹೆ ಮತ್ತು ಲೆಕ್ಕ, ಅದನ್ನೇ ಅವನು ಮಾಡುತ್ತಲೂ ಇದ್ದಾನೆ. ಇಡ್ಲಿ ಹಿಟ್ಟಿನ ಸುಳಿವು ನನಗೆ ಎಲ್ಲಿಯೂ ಸಿಗಲಿಲ್ಲ.

ಇಲ್ಲಿಯೇ ನನಗೆ ಅನಿಸುವುದು, ಈ ಜನ ಬೇರೊಂದು ಪ್ರಶ್ನೆಯನ್ನು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು: ನಷ್ಟವಾದರೆ ಹೊರುವವರು ಯಾರು? ನೌಕರಿಗೂ ವ್ಯಾಪಾರಕ್ಕೂ ನಡುವೆ ಇರುವ ನಿಜವಾದ ಗೆರೆ ಅದೇ, ಮತ್ತು ಅದಕ್ಕೆ ಜಾತಕ ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತದೆ. ಈ ಹುಡುಗನ ಸಪ್ತಮಾಧಿಪತಿ ಇರುವುದು ಆರನೆಯ ಮನೆಯಲ್ಲಿ. ಪಾಲುದಾರನ ಮನೆಯ ಒಡೆಯ ಸಾಲದ ಮನೆಗೆ ಹೋಗಿ ಅಲ್ಲಿ ಬಲಿಷ್ಠನಾಗಿ ಕುಳಿತಿದ್ದಾನೆ ಎಂದರೆ, ಪಾಲುದಾರಿಕೆ ಸಾಲವಾಗಿಯೋ ತಕರಾರಾಗಿಯೋ ತಿರುಗುವ ಸೂಚನೆ. ಗ್ರಹ ಬಲಿಷ್ಠವಾಗಿದೆ ಎಂದು ಹಿಗ್ಗುವವರು, ಅದು ಯಾವ ಮನೆಯ ಕೆಲಸಕ್ಕೆ ಬಲಿಷ್ಠ ಎಂಬುದನ್ನು ಕೇಳುವುದೇ ಇಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು. ನಿನ್ನದು ನೌಕರಿಯೂ ಅಲ್ಲದ, ಅಂಗಡಿಯೂ ಅಲ್ಲದ ಮೂರನೆಯ ದಾರಿ: ಬಂಡವಾಳವಿಲ್ಲದ, ಪಾಲುದಾರನಿಲ್ಲದ, ಶುಲ್ಕ ಪಡೆದು ಮಾಡುವ ವೃತ್ತಿ. ತೆರಿಗೆ ಸಲಹೆಯ ಕೆಲಸವನ್ನು ಸಂಜೆ ಹೊತ್ತು ನಿನ್ನ ಹೆಸರಿನಲ್ಲೇ ಶುರುಮಾಡು, ಕಚೇರಿಯವರ ನಿಯಮ ಒಪ್ಪುತ್ತದೆಯೇ ಎಂದು ಮೊದಲು ಕೇಳಿಕೋ. ಈಗಿನ ಶುಕ್ರ ಭುಕ್ತಿ ದಶಮಾಧಿಪತಿಯದು, ಕೆಲಸದಲ್ಲಿ ಚಲನೆ ಇರುತ್ತದೆ; ಆದರೆ ರಾಹು ದಶೆ 2028ರವರೆಗೆ ಇದೆ, ಆಮೇಲೆ ಬರುವ ಗುರು ದಶೆಯಲ್ಲಿ ನೌಕರಿ ಬಿಡುವ ವಿಚಾರ ಮಾಡು. ಗುರು ಇವನಿಗೆ ಪಂಚಮದ ಜೊತೆಗೆ ಅಷ್ಟಮಕ್ಕೂ ಅಧಿಪತಿ, ಮೇಲಾಗಿ ವಕ್ರಿ, ಆದ್ದರಿಂದ ಮೊದಲ ಒಂದೆರಡು ವರ್ಷ ಏರುಪೇರಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಅವನ ಮುಖ ಬಾಡಿತು. ದರ್ಶಿನಿಗೆ ಒಂದು ಮಳಿಗೆಯನ್ನು ಆಗಲೇ ನೋಡಿ ಇಟ್ಟಿದ್ದನಂತೆ. ಮುಂಗಡ ಹಣಕ್ಕೆ ಏನು ಮಾಡುತ್ತೀ ಎಂದೆ. ಬ್ಯಾಂಕಿನ ಸಾಲ ಎಂದ. ಯಾರ ಹೆಸರಿನಲ್ಲಿ? ಅವನ ಹೆಸರಿನಲ್ಲಿ, ಏಕೆಂದರೆ ಸಂಬಳದ ಚೀಟಿ ಇರುವುದು ಅವನಿಗೆ. ಮಳಿಗೆಯ ಕರಾರು ಪತ್ರ? ಭಾಮೈದನ ಹೆಸರಿನಲ್ಲಿ, ಏಕೆಂದರೆ ಮಾಲೀಕರು ಅವನಿಗೆ ಪರಿಚಯ. ಆರನೆಯ ಮನೆಯ ಸಪ್ತಮಾಧಿಪತಿಯನ್ನು ವಿವರಿಸುವುದಕ್ಕೆ ನಾನು ಅಷ್ಟು ಹೊತ್ತು ಗಂಟಲು ಒಣಗಿಸಿಕೊಳ್ಳುವ ಅಗತ್ಯವೇ ಇರಲಿಲ್ಲ.

ಎರಡು ವಾರ ಬಿಟ್ಟು ದೂರವಾಣಿ ಮಾಡಿದ. “ಜೋಯಿಸರೇ, ನೀವು ಹೇಳಿದ್ದನ್ನು ಯೋಚನೆ ಮಾಡಿದೆ. ಸಾಲವನ್ನು ನನ್ನ ಹೆಂಡತಿಯ ಹೆಸರಿಗೆ ಮಾಡಿಸಿದರೆ ಹೇಗೆ? ಅವಳದು ಧನುರ್ಲಗ್ನ, ದಶಮದಲ್ಲಿ ಬುಧ ಉಚ್ಚ.” ಅವಳ ಕುಂಡಲಿಯನ್ನೂ ಕಳುಹಿಸಿದ್ದಾನೆ. ನಾನು ಅದನ್ನು ಇನ್ನೂ ತೆರೆದು ನೋಡಿಲ್ಲ.