ಬಾಣೆಯಲ್ಲಿ ಫೋನ್ ಮಲಗಿಸಿ ಅಕ್ಷಾಂಶ ಹುಡುಕಿದ್ದು: ಎಲಟಿನಾ ಪ್ರಾಜೆಕ್ಟ್, ಈ ತಿಂಗಳ ಕೆಲಸ

ಕಳೆದ ಸಲ ಹಿಮ ತಂದು ಹಾಕಿದ ಕಲ್ಲನ್ನು ಗುರುತಿಸುವುದು ಹೇಗೆ ಎಂಬಲ್ಲಿಗೆ ನಿಲ್ಲಿಸಿದ್ದೆ. ಮೈಮೇಲೆ ಸಮಾನಾಂತರ ಗೀರು ಬಿದ್ದ ಉಂಡೆಗಲ್ಲು, ನವಿರಾದ ಕೆಸರಿನ ಪದರವನ್ನು ಅದುಮಿ ಕೂತ ಒಂಟಿ ಕಲ್ಲು. ಎರಡನೆಯದು ತೇಲುವ ಮಂಜುಗಡ್ಡೆ ಕರಗಿದಾಗ ಕಳಚಿ ತಳಕ್ಕೆ ಬಿದ್ದದ್ದು. ಇವು ಹಿಮ ಇತ್ತು ಎಂದು ಹೇಳುತ್ತವೆ, ಆಗ ಆ ನೆಲ ಭೂಮಿಯ ಯಾವ ಭಾಗದಲ್ಲಿತ್ತು ಎಂದು ಹೇಳುವುದಿಲ್ಲ. ಖಂಡಗಳು ಸರಿಯುತ್ತವೆ. ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿರುವ, ಹಿಮ ತಂದು ಹಾಕಿದ ಇಂಥ ಕಲ್ಲುಗಳಿರುವ ಎಲಟಿನಾ ಎಂಬ ಶಿಲಾಸ್ತರ ಸುಮಾರು 64 ಕೋಟಿ ವರ್ಷಗಳ ಹಿಂದೆ ಭೂಮಧ್ಯರೇಖೆಯ ಹತ್ತಿರ ಇತ್ತು ಎನ್ನುವುದಕ್ಕೆ ಸಾಕ್ಷಿ ಬೇರೆಯೇ ಇದೆ. ಆ ಕೆಂಪು ಕಲ್ಲಿನೊಳಗಿನ ಹೆಮಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಹಿಡಿದಿಟ್ಟ ಕಾಂತದ ದಿಕ್ಕು ಅದು. ಈ ತಿಂಗಳು ಪೂರ್ತಿ ಅದರಲ್ಲೇ ಕಳೆದೆ.

ಕಾಂತದ ಸೂಜಿಯನ್ನು ತೂಕ ಸಮ ಮಾಡಿ ತೂಗುಬಿಟ್ಟರೆ ಅದು ಉತ್ತರಕ್ಕೆ ತಿರುಗುವುದಷ್ಟೇ ಅಲ್ಲ, ನೆಲದ ಕಡೆಗೆ ಬಾಗುತ್ತದೆ ಕೂಡ. ಧ್ರುವದಲ್ಲಿ ನೆಟ್ಟಗೆ, ಭೂಮಧ್ಯರೇಖೆಯಲ್ಲಿ ಅಡ್ಡಡ್ಡ. ಈ ಬಾಗನ್ನು ನತಿ ಎನ್ನುತ್ತಾರೆ. ನತಿ I, ಅಕ್ಷಾಂಶ λ ಆದರೆ ಸೂತ್ರ ಇಷ್ಟೇ:

tan I = 2 tan λ

ನಮ್ಮ ಮನೆ ಮಡಿಕೇರಿಯ ಹತ್ತಿರ, ಅಕ್ಷಾಂಶ 12.4 ಡಿಗ್ರಿ. ಸೂತ್ರದ ಪ್ರಕಾರ ಇಲ್ಲಿ ನತಿ 23.7 ಡಿಗ್ರಿ ಇರಬೇಕು. ಫೋನಿನಲ್ಲಿ ಕಾಂತ ಅಳೆಯುವ ಸೆನ್ಸರ್ ಇದೆಯಲ್ಲ, ಅಳೆದೇ ನೋಡೋಣ ಎಂದು ಹೊರಟೆ.

ಮೊದಲ ಎರಡು ದಿನದ ಅಳತೆಗಳನ್ನೆಲ್ಲ ಬಿಸಾಡಬೇಕಾಯಿತು. ಜಗಲಿಯ ಮೇಲೆ ಶೀಟಿನ ಮಾಡು. ಕಾಫಿ ಒಣಗಿಸುವ ಕಣಕ್ಕೆ ಹೋದರೆ ಕಾಂಕ್ರೀಟಿನೊಳಗೆ ಕಂಬಿ. ಒಂದು ಹೆಜ್ಜೆ ಸರಿದರೆ ಅಂಕಿ ಜಿಗಿಯುತ್ತಿತ್ತು, ಅದನ್ನು ನೋಡಿಯೇ ಹತ್ತಿರ ಕಬ್ಬಿಣ ಇದೆ ಎಂದು ಗೊತ್ತಾಯಿತು. ಕೊನೆಗೆ ಮನೆಯ ಮೇಲಿನ ಬಾಣೆಯಲ್ಲಿ ಹುಲ್ಲಿನ ಮೇಲೆ ಮರದ ಮಣೆ ಇಟ್ಟು, ನೀರುಮಟ್ಟದಿಂದ ಸಮ ಮಾಡಿ, ಅದರ ಮೇಲೆ ಫೋನ್ ಇಟ್ಟೆ. ಅಲ್ಲಿ ಅಂಕಿ ನಿಂತಿತು.

ಆದರೂ ಫೋನಿನೊಳಗಿನ ಸ್ಪೀಕರಿನ ಕಾಂತ ತನ್ನದೊಂದು ಪಾಲು ಸೇರಿಸುತ್ತದೆ. ಅದನ್ನು ಕಳೆಯಲು ಫೋನನ್ನು ಮೊದಲು ಮೇಲ್ಮುಖವಾಗಿ, ಆಮೇಲೆ ಬೋರಲಾಗಿ ಇಟ್ಟು, ಪರದೆಗೆ ನೆಟ್ಟಗಿನ ದಿಕ್ಕಿನ ಬಲ ಹೇಳುವ z ಅಂಕಿ ಓದಬೇಕು. ನನಗೆ ಸಿಕ್ಕಿದ್ದು −11 ಮತ್ತು +3 ಮೈಕ್ರೋಟೆಸ್ಲಾ. ವ್ಯತ್ಯಾಸದ ಅರ್ಧ 7, ಅದು ಭೂಮಿಯದು. ಉಳಿದ −4 ಫೋನಿನದು. ಅಡ್ಡ ದಿಕ್ಕಿನ ಬಲವನ್ನೂ ಫೋನನ್ನು ಅರ್ಧ ಸುತ್ತು ತಿರುಗಿಸಿ ಇದೇ ರೀತಿ ತೆಗೆದರೆ 40 ಬಂತು. 7ನ್ನು 40ರಿಂದ ಭಾಗಿಸಿದರೆ ನತಿ ಸುಮಾರು 10 ಡಿಗ್ರಿ.

ಬರಬೇಕಿದ್ದದ್ದು 23.7, ಬಂದದ್ದು 10. ಅದನ್ನೇ ನಂಬಿದರೆ ಮಡಿಕೇರಿ 5 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಕನ್ಯಾಕುಮಾರಿಗಿಂತ ದಕ್ಷಿಣಕ್ಕೆ, ಸಮುದ್ರದಲ್ಲಿ ಇರಬೇಕು! ಮೂರು ದಿನ ಅಳತೆಯಲ್ಲೇ ತಪ್ಪು ಹುಡುಕಿದೆ. ತಪ್ಪು ಅಳತೆಯದ್ದಲ್ಲ. ಇವತ್ತಿನ ಭೂಕಾಂತ ಭೂಮಿಯ ಅಕ್ಷಕ್ಕೆ ಸರಿಯಾಗಿ ಹೊಂದಿಕೊಂಡಿಲ್ಲ. ನತಿ ಸೊನ್ನೆಯಾಗುವ ರೇಖೆ ನಿಜವಾದ ಭೂಮಧ್ಯರೇಖೆಯ ಮೇಲೆ ಹಾಯದೆ ಭಾರತದ ದಕ್ಷಿಣ ತುದಿಯ ಮೇಲೇ ಹಾದುಹೋಗುತ್ತದೆ. ಆ ರೇಖೆ ನಿಂತಲ್ಲಿ ನಿಲ್ಲುವುದೂ ಇಲ್ಲ. ಸಾವಿರಾರು ವರ್ಷಗಳ ಸರಾಸರಿ ತೆಗೆದಾಗ ಮಾತ್ರ ಸೂತ್ರ ಹೇಳುವ ಅಂಕಿ ಬರುತ್ತದೆ.

ಇಲ್ಲಿಗೆ ನನ್ನ ಪ್ರಶ್ನೆಯೇ ಬದಲಾಯಿತು. ಎಲಟಿನಾದ ಕಲ್ಲು ಕೂಡ ಒಂದು ಕ್ಷಣದ ಕಾಂತವನ್ನಷ್ಟೇ ಹಿಡಿದಿದ್ದರೆ? ಹಾಗಿದ್ದರೆ ಅದರ ಅಕ್ಷಾಂಶವನ್ನೂ ನಂಬುವಂತಿಲ್ಲ. ಇದಕ್ಕೆ ಉತ್ತರ 1999ರಲ್ಲಿ ಭೂವಿಜ್ಞಾನಿಗಳಾದ ಸೋಲ್, ಕ್ರಿಸ್ಟಿ-ಬ್ಲಿಕ್ ಮತ್ತು ಕೆಂಟ್ ಪ್ರಕಟಿಸಿದ ಕೆಲಸದಲ್ಲಿದೆ. ಎಲಟಿನಾದ ಪದರಗಳಲ್ಲಿ ಕೆಳಗಿನಿಂದ ಮೇಲೆ ಹೋಗುತ್ತಾ ಉತ್ತರ-ದಕ್ಷಿಣ ಅದಲುಬದಲಾಗುವುದು ಒಂದಲ್ಲ, ಹಲವು ಸಲ ಕಾಣುತ್ತದೆ. ಭೂಕಾಂತ ಒಂದು ಸಲ ಮಗುಚಲು ಸಾವಿರಾರು ವರ್ಷ ಬೇಕು, ಎರಡು ಮಗುಚುವಿಕೆಯ ನಡುವಿನ ಅಂತರ ಸಾಮಾನ್ಯವಾಗಿ ಅದಕ್ಕಿಂತ ಬಹಳ ಹೆಚ್ಚು. ಅಂದರೆ ಆ ಪದರಗಳು ದೀರ್ಘಕಾಲ ಕೂತು ಬೆಳೆದಿವೆ, ಸರಾಸರಿಗೆ ಬೇಕಾದಷ್ಟು ಸಮಯ ಅದರಲ್ಲಿದೆ.

ಇನ್ನೊಂದು ಅನುಮಾನ ಇದಕ್ಕಿಂತ ಹಳೆಯದು. ಕೆಸರು ಕೂತಾಗ ಹಿಡಿದ ದಿಕ್ಕೋ, ಕೋಟ್ಯಂತರ ವರ್ಷಗಳ ನಂತರ ಕಲ್ಲು ಬಿಸಿಯಾಗಿ ಹೊಸದಾಗಿ ಹಿಡಿದದ್ದೋ? 1980ರ ದಶಕದಲ್ಲಿ ಭೂವಿಜ್ಞಾನಿ ಜೋಸೆಫ್ ಕಿರ್ಶ್‌ವಿಂಕ್ ಅವರಿಗೂ ಇದೇ ಅನುಮಾನ ಇತ್ತು. ಅವರ ವಿದ್ಯಾರ್ಥಿನಿ ಡಾನ್ ಸಮ್ನರ್ ಅದನ್ನು ಪರೀಕ್ಷೆಗೆ ಹಚ್ಚಿದರು. ಎಲಟಿನಾದಲ್ಲಿ ಕೆಸರು ಹಸಿಯಿದ್ದಾಗಲೇ ಜಾರಿ ಮಡಿಚಿಕೊಂಡ ಸಣ್ಣ ಮಡಿಕೆಗಳಿವೆ. ಆ ಮಡಿಕೆಯ ಬೇರೆ ಬೇರೆ ಕಡೆಯಿಂದ ತುಂಡು ತೆಗೆದು ದಿಕ್ಕು ಅಳೆಯುವುದು, ಆಮೇಲೆ ಲೆಕ್ಕದಲ್ಲಿ ಮಡಿಕೆಯನ್ನು ಬಿಡಿಸುವುದು.

ಇದು ಓದಿದಾಗ ನನಗೆ ಸರಿಯಾಗಿ ಹಿಡಿಯಲಿಲ್ಲ, ಆದ್ದರಿಂದ ಮಾಡಿ ನೋಡಿದೆ. ಗದ್ದೆಯ ಜೇಡಿಮಣ್ಣನ್ನು ಬಾಳೆಲೆಯ ಮೇಲೆ ಒಂದು ಅಂಗುಲ ದಪ್ಪಕ್ಕೆ ತಟ್ಟಿ ಎರಡು ಹಲಗೆ ಮಾಡಿದೆ. ಒಂದಕ್ಕೆ ಮೊದಲು ತೆಂಗಿನ ಕಡ್ಡಿಯ ಚೂರುಗಳನ್ನು ಒಂದೇ ಓರೆಯಲ್ಲಿ ಚುಚ್ಚಿ, ಆಮೇಲೆ ತುದಿಯಿಂದ ತಳ್ಳಿ ಮಡಿಚಿದೆ. ಇನ್ನೊಂದನ್ನು ಮೊದಲು ಮಡಿಚಿ, ಆಮೇಲೆ ಕಡ್ಡಿ ಚುಚ್ಚಿದೆ. ಮಣ್ಣು ಗಟ್ಟಿಯಾಗಿದ್ದಾಗ ಮಡಿಕೆಯ ಬೆನ್ನಲ್ಲಿ ಬಿರುಕು ಬಿಟ್ಟಿತು, ಚಪಾತಿ ಹಿಟ್ಟಿನ ಹದಕ್ಕೆ ನೀರು ಬೆರೆಸಿದ ಮೇಲೆ ಸರಿಹೋಯಿತು. ಪಕ್ಕದ ಮನೆಯ ಏಳನೇ ತರಗತಿಯ ಹುಡುಗ ನೋಡುತ್ತಾ ನಿಂತಿದ್ದ.

“ಮಾವ, ಮೊದಲು ಚುಚ್ಚಿದ್ದು ಬೀಸಣಿಗೆ ಥರ ಕೆದರಿದೆ. ಅದೇ ಕೆಟ್ಟದ್ದಾ?”

“ಈಗ ನೀನೇ ಎರಡನ್ನೂ ನಿಧಾನಕ್ಕೆ ಬಿಡಿಸು.”

ಬಿಡಿಸಿದಾಗ ಮೊದಲನೆಯದರ ಕಡ್ಡಿಗಳು ಮತ್ತೆ ಒಂದೇ ಸಾಲಿಗೆ ಬಂದವು, ಎರಡನೆಯದರವು ಕೆದರಿದವು. ಎಲಟಿನಾ ಮೊದಲನೆಯದರ ಹಾಗೆ. ಬಿಡಿಸಿದಾಗ ದಿಕ್ಕುಗಳು ಒಟ್ಟುಗೂಡುತ್ತವೆ. ಅಂದರೆ ಮಡಿಕೆಗೆ ಮುಂಚೆ, ಕೆಸರು ಇನ್ನೂ ಹಸಿಯಿರುವಾಗಲೇ ಕಾಂತ ಸೇರಿತ್ತು. ಸಮ್ನರ್, ಕಿರ್ಶ್‌ವಿಂಕ್ ಮತ್ತು ರನ್ನೆಗರ್ ಇದನ್ನು 1987ರಲ್ಲಿ ತಿಳಿಸಿದರು. ಭೂಮಿ ಹೆಚ್ಚುಕಡಿಮೆ ಪೂರ್ತಿ ಹಿಮದಿಂದ ಮುಚ್ಚಿಹೋಗಿತ್ತು ಎನ್ನುವ ಕಲ್ಪನೆಗೆ, ಹಿಮದುಂಡೆಯಾದ ಭೂಮಿ ಎನ್ನುವ ಅರ್ಥದ ‘ಸ್ನೋಬಾಲ್ ಅರ್ಥ್’ ಎಂಬ ಹೆಸರನ್ನು ಕಿರ್ಶ್‌ವಿಂಕ್ ಬಳಸಿದ್ದು 1992ರಲ್ಲಿ.

ಉಷ್ಣವಲಯದಲ್ಲಿ ಹಿಮ ಇವತ್ತೂ ಇದೆಯಲ್ಲ, ಕಿಲಿಮಂಜಾರೋದ ಮೇಲೆ ಎಂದು ಕೇಳಬಹುದು. ಎಲಟಿನಾದ ಕಾಂತದ ಮಾದರಿಗಳಲ್ಲಿ ಬಹಳಷ್ಟು ಬಂದಿರುವುದು ಉಬ್ಬರವಿಳಿತ ಕೂರಿಸಿದ ತೆಳು ಪದರಗಳಿಂದ. ಅದು ಸಮುದ್ರಮಟ್ಟ, ಬೆಟ್ಟದ ತುದಿಯಲ್ಲ.

ನಮ್ಮ ಕೊಡಗಿನ ಕಲ್ಲಿನಲ್ಲಿ ಇದನ್ನು ಹುಡುಕುವಂತಿಲ್ಲ. ಇಲ್ಲಿನ ಬಂಡೆ 300 ಕೋಟಿ ವರ್ಷಕ್ಕೂ ಹಳೆಯದು, ಭೂಮಿಯ ಆಳದಲ್ಲಿ 700 ಡಿಗ್ರಿಗಿಂತ ಹೆಚ್ಚು ಬೆಂದದ್ದು. ಹೆಮಟೈಟ್ ಸುಮಾರು 675 ಡಿಗ್ರಿಗೇ ತನ್ನ ಕಾಂತದ ನೆನಪು ಕಳೆದುಕೊಳ್ಳುತ್ತದೆ.

ಕೊನೆಯ ವಾರ ಜೇಡಿಮಣ್ಣಿನ ಮೇಲೆ ಮಣೆಯಿಟ್ಟು ಅದುಮಿದೆ. ಓರೆಯಾಗಿ ಚುಚ್ಚಿದ ಕಡ್ಡಿಗಳು ಇನ್ನಷ್ಟು ಮಲಗಿದವು. ಕೆಸರು ಮೇಲಿನ ಭಾರಕ್ಕೆ ಕುಗ್ಗಿದಾಗ ನಿಜವಾದ ನತಿಯೂ ಹೀಗೇ ಕಡಿಮೆಯಾಗಿ, ನೆಲ ಭೂಮಧ್ಯರೇಖೆಗೆ ಇದ್ದದ್ದಕ್ಕಿಂತ ಹತ್ತಿರ ಇದ್ದಂತೆ ಕಾಣುತ್ತದೆ. ಈ ದೋಷ ಎಷ್ಟು ದೊಡ್ಡದು? ಕಲ್ಲಿನಲ್ಲಿ 13 ಡಿಗ್ರಿ ನತಿ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ನೇರ ಲೆಕ್ಕದಲ್ಲಿ ಅಕ್ಷಾಂಶ 6.6. ಕುಗ್ಗಿದ್ದರಿಂದ tan I ಮೂಲದ 0.6 ಪಾಲಿಗೆ ಇಳಿದಿತ್ತು ಎಂದು ಧಾರಾಳವಾಗಿ ಬಿಟ್ಟುಕೊಟ್ಟರೂ ಮೂಲ ನತಿ 21, ಅಕ್ಷಾಂಶ 10.9. ಸಮುದ್ರದ ದಡಕ್ಕೆ ಹಿಮ ಇಳಿದ ಆ ಜಾಗ ಆಗಲೂ ನಮ್ಮ ಬಾಣೆಗಿಂತ ಭೂಮಧ್ಯರೇಖೆಗೆ ಹತ್ತಿರವೇ ಉಳಿಯುತ್ತದೆ.